ಮೂರನೆಯ ಹೂವಿನ ಎಸಳು

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಗಂಡನ ಕಾಟ ತಡೆಯಲಿಕ್ಕಾಗುವುದಿಲ್ಲ ಎಂದು ಮನೋರಮಾ ಕುಕ್ಕುಂದೂರಿನ ಅರ್ಧ ಊರಿಗೆ ಹೇಳಿಕೊಂಡು ಬಂದಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹತ್ತು ವರ್ಷ ಮಂಜು ಮಂಜಾಗಿದ್ದ ಲೋಕ ಒಂದೇ ದಿನದಲ್ಲಿ ತೊಳೆದಿಟ್ಟ ಹಾಗೆ ಕಂಡರೆ ಎಪ್ಪತ್ತೊಂದರ ಮುದುಕ ಸುಮ್ಮನಿರುತ್ತಾನೆಯೇ? ಭೋಜ ಆಚಾರಿಗೆ ದೋಸೆಯ ಅಂಚು ಕರಕಲಾದದ್ದು ಕಂಡಿತು. ಮಾಡಿನ ಮೂಲೆಯ ಜೇಡರ ಬಲೆ ಕಂಡಿತು. ಪಕ್ಕದ ಮನೆಯವರ ಹೊಸ ಕಿಟಕಿ ಅರ್ಧ ನೂಲು ವಾಲಿದ್ದು ಕಂಡಿತು. ಬಡಗಿಗಳ ಅಳತೆಯಲ್ಲಿ ಒಂದು ನೂಲು ಎಂದರೆ ಇಂಚಿನ ಎಂಟನೆಯ ಒಂದು ಪಾಲು, ಅದರಲ್ಲೂ ಅರ್ಧ. ಕಂಡ ಮೇಲೆ ಬಾಯಿ ಮುಚ್ಚಿಕೊಂಡು ಕೂರುವ ಜನ್ಮವಂತೂ ಅವನದ್ದಲ್ಲ. ಕಿಟಕಿಯವರು ಈಗ ಇವನನ್ನು ಕಂಡರೆ ಪರದೆ ಎಳೆಯುತ್ತಾರೆ.

ಹಾಗಾಗಿ ಮಣಿಪಾಲದಿಂದ ಹರ್ಷಿಣಿ ಎಂಬ ಹುಡುಗಿ ಫೋನ್ ಮಾಡಿ, ಆಚಾರ್ರನ್ನು ಒಮ್ಮೆ ಕಳಿಸಿಕೊಡಿ ಎಂದು ಕೇಳಿದಾಗ ಮನೋರಮಾ ಕಾರಣವನ್ನೂ ವಿಚಾರಿಸದೆ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಳು. ಹರ್ಷಿಣಿ ಮನೆಗಳ ನಕ್ಷೆ ಮಾಡುವವಳು. ಇನ್ನಂಜೆಯಲ್ಲಿ ನಿಯಾಝ್ ಎಂಬವರು ಹೊಸ ಮನೆ ಕಟ್ಟಿಸುತ್ತಿದ್ದರು. ಇಪ್ಪತ್ತು ವರ್ಷ ಅರಬ್ ದೇಶದ ದಮ್ಮಾಮಿನಲ್ಲಿದ್ದು ಬಂದವರು. ಎದುರುಬಾಗಿಲು ಹಳೇ ನಮೂನೆಯ ಜೋಡಿ ಬಾಗಿಲೇ ಆಗಬೇಕೆಂದು ಅವರ ಹಟ. ಕೆತ್ತನೆ ಮಿಷಿನಿನಲ್ಲಿ ಆಗುತ್ತದೆ, ಆದರೆ ದಾರಂದ, ಎಂದರೆ ಬಾಗಿಲಿನ ಚೌಕಟ್ಟು ಮಾಡಿ ಬಾಗಿಲು ಕೂರಿಸಲು ಹಳೇ ಕೈಯೇ ಬೇಕು ಎಂದು ಯಾರೋ ಭೋಜ ಆಚಾರಿಯ ಹೆಸರು ಹೇಳಿದ್ದರು.

ಕಾರ್ಕಳದಿಂದ ಉಡುಪಿ ಬಸ್ಸು ಹತ್ತಿ ಆಚಾರಿ ಮಣಿಪಾಲದಲ್ಲಿ ಇಳಿದ. ಮಹಡಿಯ ಮೇಲಿನ ಆಫೀಸು. ಕೂತ ಕುರ್ಚಿ ಮರದ್ದೇ ಎಂದು ಮೊದಲು ಕುಟ್ಟಿ ನೋಡಿದ. ಅಲ್ಲ, ಪುಡಿ ಒತ್ತಿದ ಹಲಗೆ. ಆ ವಿಷಯದಲ್ಲಿ ಎರಡು ಮಾತು ಆಡುವಷ್ಟರಲ್ಲಿ ಹರ್ಷಿಣಿ ಒಂದು ಟ್ಯಾಬ್ಲೆಟ್ ತಂದು ಅವನ ಕೈಗಿಟ್ಟು, ಬಾಗಿಲು ಹೀಗೆ ಬರುತ್ತದೆ ಎಂದಳು.

ಆಚಾರಿ ಕುರ್ಚಿಯ ಮಾತು ಮರೆತ.

ಗಾಜಿನ ಒಳಗೆ ಒಂದು ಮನೆಯ ಮುಖ. ಇನ್ನೂ ಕಟ್ಟಿ ಮುಗಿಯದ ಮನೆ ಅಲ್ಲಿ ಆಗಲೇ ಮುಗಿದು ನಿಂತಿತ್ತು. ಕೆಂಪು ಕಲ್ಲಿನ ಗೋಡೆಗೆ ಸಂಜೆಯ ಬಿಸಿಲು ಬಿದ್ದಿತ್ತು, ನಡುವೆ ಜೋಡಿ ಬಾಗಿಲು. ಎರಡೂ ಕಡೆ ಕೆಳಗಿನಿಂದ ಮೇಲಕ್ಕೆ ಹಬ್ಬಿದ ಒಂದೊಂದು ಬಳ್ಳಿ, ಒಂದೊಂದು ಬಳ್ಳಿಗೆ ಐದೈದು ಹೂ, ಹೂವಿಗೆ ಎಂಟೆಂಟು ಎಸಳು. ಹಕ್ಕಿಯಿಲ್ಲ, ಪ್ರಾಣಿಯಿಲ್ಲ. ಬ್ಯಾರಿಗಳ, ಎಂದರೆ ಕರಾವಳಿಯ ಮುಸ್ಲಿಮರ ಮನೆಯ ಬಾಗಿಲಿಗೆ ಬಳ್ಳಿ-ಹೂ ಮಾತ್ರ ಸಾಕು ಎಂದು ಅಪ್ಪ ಹೇಳಿದ್ದು ಐವತ್ತೆರಡು ವರ್ಷದ ಹಿಂದೆ. ಆಚಾರಿ ಕೆಳಗಿನಿಂದ ಎಣಿಸಿದ. ಒಂದು, ಎರಡು, ಮೂರು. ಬಲಬದಿಯ ಮೂರನೆಯ ಹೂವಿನಲ್ಲಿ ಏಳು ಎಸಳು ಚಾಚಿಕೊಂಡಿದ್ದವು, ಎಂಟನೆಯದ್ದು ಮಾತ್ರ ಒಳಕ್ಕೆ ಸುರುಳಿ ಸುತ್ತಿಕೊಂಡಿತ್ತು. ಅವನ ಹೊಸ ಕಣ್ಣಿಗೆ ಅದು ಮುಳ್ಳಿನಂತೆ ಚುಚ್ಚಿತು. ಎಡಬದಿಯ ಮೂರನೆಯ ಹೂ ನೋಡಿದ. ಅಲ್ಲೂ ಸುರುಳಿ.

ಮುದುಕನಿಗೆ ತಲೆ ತಿರುಗಿತೋ ಏನೋ ಎಂದು ಹರ್ಷಿಣಿ ಲಿಂಬೆ ಶರಬತ್ತು ತರಿಸಿದಳು. ಆಚಾರಿ ಅದನ್ನು ಒಂದೇ ಗುಟುಕಿಗೆ ಕುಡಿದು, ಗ್ಲಾಸು ಕೆಳಗಿಟ್ಟು, "ಇದು ನಾನು ಮಾಡಿದ ಬಾಗಿಲು ಮಗಾ. ಅರ್ಧ ನಾನು, ಅರ್ಧ ನನ್ನ ಅಪ್ಪ. ಆದರೆ ನೀನು ಅಪ್ಪನ ಅರ್ಧವನ್ನು ಹಾಳು ಮಾಡಿದ್ದಿ" ಎಂದ.

ಅವಳು ಕುರ್ಚಿ ಎಳೆದು ಎದುರು ಕೂತಳು. ಆಚಾರಿಯೇ ಹೇಳಿದ, ಯಾರಿಗೂ ಹೇಳದೆ ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದನ್ನು.

ಅವನ ಅಪ್ಪ ಸುಂದರ ಆಚಾರಿ ಎಡಗೈಯ ಕೆಲಸಗಾರ, ಭೋಜ ಬಲಗೈಯವ. ಕಾಪುವಿನ ಬ್ಯಾರಿಯೊಬ್ಬರ ಮನೆಗೆ ಜೋಡಿ ಬಾಗಿಲು ಒಪ್ಪಿಕೊಂಡಾಗ ಅಪ್ಪ ಎಡಬಾಗಿಲನ್ನು ತಾನಿಟ್ಟುಕೊಂಡು ಬಲದ್ದನ್ನು ಹತ್ತೊಂಬತ್ತರ ಮಗನಿಗೆ ಕೊಟ್ಟ. ಮಗನ ಮೊದಲ ಸ್ವಂತ ಕೆಲಸ ಅದು. ಎರಡು ಹೂ ಚಂದಕ್ಕೆ ಬಂತು. ಮೂರನೆಯದ್ದರಲ್ಲಿ, ಅಡ್ಡಕ್ಕೆ ಚಾಚಿದ ಎಸಳಿನ ತುದಿಯಲ್ಲಿ ನಾರಿಗೆ ಎದುರಾಗಿ ಉಳಿ ಓಡಿಸಿದ. ಮರದ ನಾರು ಮೇಲೆ ಕೆಳಗೆ ಹೋಗುತ್ತದೆ. ಅಡ್ಡ ಎಸಳಿನ ತುದಿಯಲ್ಲಿ ಸಿಗುವುದು ನಾರಿನ ಗಿಡ್ಡ ತುಂಡು ಮಾತ್ರ, ಅದಕ್ಕೆ ಗಟ್ಟಿ ಇಲ್ಲ. ಚಟ್ಟನೆ ಹಾರಿತು. ಹುಡುಗ ಬೆವತು ಹೋದ. ಉಳಿದ ಬುಡವನ್ನು ಹೇಗೋ ಉರುಟು ಮಾಡಿ ಒಳಕ್ಕೆ ಸುತ್ತಿದ ಸುರುಳಿಯ ಹಾಗೆ ಕಾಣುವಂತೆ ಕೆತ್ತಿದ. ಅಪ್ಪ ಬಂದು ನೋಡಿದ, ಬೆರಳಿನಲ್ಲಿ ಒಮ್ಮೆ ಮುಟ್ಟಿದ, ಒಂದು ಮಾತೂ ಆಡಲಿಲ್ಲ. ಉಳಿದ ಹೂಗಳು ಮುಗಿದ ಮರುದಿನವೇ ಮಗನನ್ನು ಕಾರ್ಕಳದ ಒಂದು ಮನೆಯ ಮಾಡು ಕಟ್ಟುವ ಕೆಲಸಕ್ಕೆ ಕಳಿಸಿ, ಬಾಗಿಲನ್ನು ತಾನೊಬ್ಬನೇ ಹೋಗಿ ಕೂರಿಸಿ ಬಂದ. ತನ್ನನ್ನು ಕರೆದುಕೊಂಡು ಹೋಗಲು ಅಪ್ಪನಿಗೆ ನಾಚಿಕೆಯಾಯಿತು ಎಂದು ಭೋಜ ತಿಳಿದುಕೊಂಡ. ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಬೈಯದ್ದರಿಂದ ಮುಗಿಯಲೇ ಇಲ್ಲ. ಆರು ವರ್ಷದ ಮೇಲೆ ಅಪ್ಪ ತೀರಿಕೊಂಡ. ಭೋಜ ಸಾವಿರ ಬಾಗಿಲು ಮಾಡಿದ, ಆದರೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಬಸ್ಸು ಕಾಪು ದಾಟುವಾಗ ಸಹ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

"ಅಪ್ಪನ ಹೂವಿನಲ್ಲಿ ತಪ್ಪು ಇಲ್ಲ" ಎಂದ ಆಚಾರಿ. "ನನ್ನ ತಪ್ಪನ್ನು ಅವನ ಬಾಗಿಲಿಗೂ ಹಚ್ಚಬೇಡ. ನೀನು ನನ್ನ ಬಾಗಿಲನ್ನು ಕನ್ನಡಿಯಲ್ಲಿ ತೋರಿಸಿದ ಹಾಗೆ ಆಚೆಗೆ ತಿರುಗಿಸಿ ಇಟ್ಟಿದ್ದಿ."

ಹರ್ಷಿಣಿ ತಬ್ಬಿಬ್ಬಾದಳು. ಆಚಾರಿ ಬಿಡಲಿಲ್ಲ, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದ. ಬಲಬಾಗಿಲಿನ ಬುಡದಲ್ಲಿ ಮರದ ಒಂದು ಗಂಟು ಉಂಟು, ಎಡದ್ದರಲ್ಲೂ ಸರಿಯಾಗಿ ಅದೇ ಗಂಟು ಅದೇ ಎತ್ತರದಲ್ಲಿ ಉಂಟು. ಯಾವ ಹಲಸಿನ ಮರ ಇಷ್ಟು ಅಳತೆ ಹಿಡಿದು ಬೆಳೆಯುತ್ತದೆ? ಎರಡು ಬಾಗಿಲು ಸೇರುವ ಸಂದನ್ನು ಮುಚ್ಚುವ ಪಟ್ಟಿ ಒಂದೇ ಬಾಗಿಲಿಗೆ ಇರುತ್ತದೆ, ಅದು ಇನ್ನೊಂದರ ಮೇಲೆ ಹೋಗಿ ಕೂರಬೇಕು. ಇಲ್ಲಿ ಎರಡಕ್ಕೂ ಪಟ್ಟಿ. ಹಾಕಲು ಹೋದರೆ ಎರಡು ಟಗರು ಡಿಕ್ಕಿ ಹೊಡೆದ ಹಾಗೆ ಹೊಡೆದುಕೊಂಡಾವು, ಬಾಗಿಲು ಮುಚ್ಚಲಿಕ್ಕಿಲ್ಲ. ಸಾಲದ್ದಕ್ಕೆ ನಡುವೆ ಒಂದು ನೂಲಿನ ಸಂದೂ ಇಲ್ಲ, ಮಳೆಗಾಲದಲ್ಲಿ ಮರ ಉಬ್ಬಿದರೆ ಎಲ್ಲಿಗೆ ಹೋಗಬೇಕು?

ಅವಳು ನಕ್ಕುಬಿಟ್ಟಳು. ಸಿಕ್ಕಿಬಿದ್ದವರ ನಗು ಅದು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಕಾಪುವಿನ ಹಳೇ ಮನೆಯನ್ನು ಕೆಡವುವಾಗ ನಿಯಾಝರ ತಾಯಿ ಶರೀಫಾ ಬಾಗಿಲನ್ನು ಮಾತ್ರ ಬಿಟ್ಟುಕೊಡದೆ, ಅದೇ ಜಾಗದಲ್ಲಿ ತಾವೀಗ ಇರುವ ಸಣ್ಣ ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ಇರಿಸಿಕೊಂಡಿದ್ದರು. ಗೆದ್ದಲು ಬುಡ ತಿಂದು ಅದು ಹೊಸ ಮನೆಗೆ ಆಗುವ ಸ್ಥಿತಿಯಲ್ಲಿರಲಿಲ್ಲ, ಅದರ ನಮೂನೆಯನ್ನಾದರೂ ಉಳಿಸೋಣ ಎಂದು ನಿಯಾಝ್ ಹೇಳಿದ್ದು. ಹರ್ಷಿಣಿ ಅಲ್ಲಿಗೆ ಹೋಗಿ ಬಲಬಾಗಿಲಿನ ಸುತ್ತ ಫೋನಿನಲ್ಲಿ ನೂರ ನಲವತ್ತು ಫೋಟೋ ತೆಗೆದಿದ್ದಳು, ಒಂದರ ಅಂಚು ಇನ್ನೊಂದರಲ್ಲೂ ಬರುವಂತೆ, ಎದುರಿನಿಂದ, ಓರೆಯಿಂದ, ಕೆಳಗಿನಿಂದ. ಒಂದೇ ಚುಕ್ಕಿ ಹತ್ತು ಫೋಟೋಗಳಲ್ಲಿ ಎಲ್ಲೆಲ್ಲಿ ಬಿತ್ತು ಎಂದು ಕಂಪ್ಯೂಟರು ಹುಡುಕಿ, ಅದರಿಂದ ಆ ಚುಕ್ಕಿ ಎಷ್ಟು ಮುಂದೆ ಎಷ್ಟು ಹಿಂದೆ ಎಂದು ಲೆಕ್ಕ ಹಾಕುತ್ತದೆ. ಹಾಗೆ ಲಕ್ಷಗಟ್ಟಲೆ ಚುಕ್ಕಿ ಜೋಡಿಸಿ ಬಲೆಯಂತೆ ಹೆಣೆದು, ಮೇಲೆ ಫೋಟೋದ ಬಣ್ಣ ಹೊದೆಸುತ್ತದೆ. ಅಳತೆ ತಪ್ಪದ ಹಾಗೆ ಪಕ್ಕದಲ್ಲಿ ಟೇಪನ್ನೂ ಇಟ್ಟಿದ್ದಳು. ಆಮೇಲೆ ಮನೆಯ ನಕ್ಷೆಯಲ್ಲಿ ಬಾಗಿಲು ನಿಲ್ಲಿಸಿ, ಸೂರ್ಯ ಇಂಥ ಕಡೆ ಎಂದು ಹೇಳಿದರೆ ಬೆಳಕು ಎಲ್ಲಿ ಬಡಿದು ಎಲ್ಲಿ ನೆರಳಾಗುತ್ತದೆ ಎಂದು ಅದೇ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ. ಎಡಬಾಗಿಲು ಮಾತ್ರ ಹಳೇ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಹೇಗೂ ಜೋಡಿಯಲ್ಲವಾ ಎಂದು ಬಲದ್ದನ್ನೇ ತಿರುಗಿಸಿ ಎಡಕ್ಕೆ ಇಟ್ಟಳು.

ಆಚಾರಿ ಬೆರಳಿನಿಂದ ಆ ಬಾಗಿಲನ್ನು ಹೊರಳಿಸಿ ನೋಡಿದ. ತಾನು ಉಳಿ ಬಗ್ಗಿಸಿ ಎಸಳಿನ ಅಡಿಯನ್ನು ಕೊರೆದಿದ್ದ ಜಾಗ ಬೆಲ್ಲ ಕರಗಿ ಅಂಟಿದ ಹಾಗೆ ಕಂಡಿತು. ಫೋನಿನ ಕಣ್ಣು ಅಲ್ಲಿಗೆ ನುಗ್ಗಲಿಲ್ಲ, ಕಾಣದ್ದನ್ನು ಅದು ಅಂದಾಜಿನಲ್ಲಿ ತುಂಬಿಸಿತು ಎಂದಳು ಹರ್ಷಿಣಿ. ಕಾಣದ್ದನ್ನು ತುಂಬಿಸಬಾರದು ಎಂದ ಆಚಾರಿ. ಆದರೂ ಅವನ ಕೈ ಆ ಟ್ಯಾಬ್ಲೆಟನ್ನು ಬಿಡಲಿಲ್ಲ. ಐವತ್ತೆರಡು ವರ್ಷದ ಮೇಲೆ ತನ್ನ ಮೊದಲ ಹೂವನ್ನು ಕಾಣುತ್ತಿದ್ದವನಿಗೆ ಸಿಟ್ಟಿನ ಅಡಿಯಲ್ಲಿ ಎಂತದ್ದೋ ಕುಶಿ ಒದ್ದುಕೊಂಡು ಬರುತ್ತಿತ್ತು.

"ಆಚಾರ್ರೇ, ನನಗೆ ಇಡೀ ಬಾಗಿಲಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದೇ ಆ ಸುರುಳಿ" ಎಂದಳು ಹರ್ಷಿಣಿ.

ಇದು ತನ್ನನ್ನು ಸಮಾಧಾನ ಮಾಡಲು ಹೇಳಿದ್ದು ಎಂದು ಆಚಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಫೈಲು ಪಡುಬಿದ್ರಿಯ ಮಿಷಿನು ಶೆಡ್ಡಿಗೆ ಹೋಗಬೇಕಿತ್ತು. ಒಮ್ಮೆ ಮರದಲ್ಲಿ ಕೊರೆದರೆ ಮುಗಿಯಿತು, ಅಪ್ಪನ ಬಾಗಿಲು ಎಂದು ಲೋಕ ನೋಡುವುದು ಮಗನ ತಪ್ಪನ್ನು. ಅಪ್ಪನ ನಿಜವಾದ ಹೂವನ್ನು ಫೋಟೋ ಹಿಡಿಯಲೇಬೇಕು ಎಂದು ಅವನು ಪಟ್ಟು ಹಿಡಿದ. ಹಾಗೆ ಐವತ್ತೆರಡು ವರ್ಷ ಹೋಗದ ಕಾಪುವಿಗೆ ಭೋಜ ಆಚಾರಿ ಅದೇ ಮಧ್ಯಾಹ್ನ ಹರ್ಷಿಣಿಯ ಕಾರಿನಲ್ಲಿ ಹೊರಟ. ದಾರಿಯುದ್ದಕ್ಕೂ ಅವಳ ಕಾರಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ ಎಂದು ಹೇಳುತ್ತಲೇ ಇದ್ದ. ಕಟಪಾಡಿ ದಾಟಿದ ಮೇಲೆ ಅದನ್ನೂ ನಿಲ್ಲಿಸಿದ.

ಶರೀಫಾ ಅಂಗಳದಲ್ಲಿ ಹುಣಸೆಹುಳಿ ಒಣಗಿಸುತ್ತ ಕೂತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ಗಟ್ಟಿ ದನಿ. ಇವನು ಸುಂದರ ಆಚಾರಿಯ ಮಗ ಎಂದು ತಿಳಿದ ಕೂಡಲೇ ಎದ್ದು ನಿಂತು, ಇಷ್ಟು ವರ್ಷ ಎಲ್ಲಿಗೆ ಹಾಳಾಗಿ ಹೋಗಿದ್ದಿರಿ ಎಂದು ದಬಾಯಿಸಿದರು. ಬಾಗಿಲು ಕೂರಿಸಿದ ವರ್ಷವೇ ಅವರು ಆ ಮನೆಗೆ ಮದುಮಗಳಾಗಿ ಬಂದದ್ದಂತೆ. ಚಹಾ ಕುಡಿಯದೆ ಶೆಡ್ಡಿಗೆ ಬಿಡುವುದಿಲ್ಲ ಎಂದರು. ಆಚಾರಿ ಬಿಸಿ ಚಹಾವನ್ನು ನಾಲಗೆ ಸುಡುವಂತೆ ಕುಡಿದ.

ನಿಯಾಝ್ ಮತ್ತು ಇಬ್ಬರು ಕೆಲಸದವರು ಸೇರಿ ಕಪಾಟು ಸರಿಸಿ ಎಡಬಾಗಿಲನ್ನು ಹೊರಗೆ ತಂದು ಬೆಳಕಿಗೆ ಒರಗಿಸಿದರು. ಶರೀಫಾ ತಮ್ಮ ಶಾಲಿನ ತುದಿಯಿಂದಲೇ ಧೂಳು ಒರೆಸಿದರು. ಹಲಸಿನ ಹಳದಿ ಈಗ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಆಚಾರಿ ಕುಕ್ಕರಗಾಲಿನಲ್ಲಿ ಕೂತು ಕೆಳಗಿನಿಂದ ಎಣಿಸಿದ. ಒಂದು. ಎರಡು. ಮೂರು.

ಏಳು ಎಸಳು ಚಾಚಿಕೊಂಡಿದ್ದವು. ಎಂಟನೆಯದ್ದು ಒಳಕ್ಕೆ ಸುರುಳಿ ಸುತ್ತಿಕೊಂಡಿತ್ತು.

ಆಚಾರಿ ಕನ್ನಡಕ ತೆಗೆದ, ಹಾಕಿದ, ಮತ್ತೆ ತೆಗೆದು ಬೆರಳನ್ನೇ ಕಣ್ಣು ಮಾಡಿಕೊಂಡ. ಉಳಿಯ ಗೆರೆಗಳು ಎಡದಿಂದ ಇಳಿದಿದ್ದವು. ಎಡಗೈಯ ಕೆಲಸ. ಅಪ್ಪನದ್ದೇ, ಬೇರೆ ಯಾರದ್ದೂ ಅಲ್ಲ. ಅಪ್ಪನ ಕೈಯಲ್ಲೂ ಅದೇ ಜಾಗದಲ್ಲಿ ಎಸಳು ಹಾರಿತ್ತೇ? ಉಗುರನ್ನು ಸುರುಳಿಯ ಒಳಗೆ ಓಡಿಸಿದ. ಅಲ್ಲಿ ಒಂದು ಗೆರೆ ತಗಲಿತು. ಎಸಳಿನ ನಡುಗೆರೆ. ಬುಡದಿಂದ ಹೊರಟು, ಸುರುಳಿಯ ಅಂಚಿಗೆ ಬಂದು, ತಟ್ಟನೆ ಕತ್ತರಿಸಿ ನಿಂತಿತ್ತು.

ಇದರ ಅರ್ಥ ಬಡಗಿಯಲ್ಲದವನಿಗೆ ತಿಳಿಯಲಿಕ್ಕಿಲ್ಲ, ಹಾಗಾಗಿ ಹೇಳಬೇಕು. ಎಸಳಿಗೆ ನಡುಗೆರೆ ಎಳೆಯುವುದು ಕಟ್ಟಕಡೆಯ ಕೆಲಸ. ಎಸಳು ತುದಿಯವರೆಗೆ ಮುಗಿದು, ನಯವಾಗಿ, ಇನ್ನು ಮುಟ್ಟುವುದು ಬೇಡ ಎಂದಾದ ಮೇಲೆ ಎಳೆಯುವ ಗೆರೆ. ಭೋಜನ ಎಸಳು ಅದಕ್ಕಿಂತ ಮೊದಲೇ ಹಾರಿದ್ದರಿಂದ ಅವನ ಸುರುಳಿಯಲ್ಲಿ ಗೆರೆಯೇ ಇಲ್ಲ. ಅಪ್ಪನದ್ದರಲ್ಲಿ ಉಂಟು. ಎಂದರೆ ಅಪ್ಪನ ಎಸಳು ಒಡೆದದ್ದಲ್ಲ. ಪೂರ್ತಿ ಮುಗಿದಿದ್ದ, ಕೊರತೆಯಿಲ್ಲದ ಎಸಳನ್ನು ಅಪ್ಪ ತಾನಾಗಿ, ಬೇಕೆಂದೇ, ಕಡಿದು ಸುರುಳಿ ಮಾಡಿದ್ದ.

ಆಚಾರಿ ನೆಲದಲ್ಲೇ ಕೂತುಬಿಟ್ಟ.

ಶರೀಫಾ ಅವನು ಮುಟ್ಟಿದ ಸುರುಳಿಯನ್ನು ನೋಡಿ, ಅದಾ, ಅದರ ಗಲಾಟೆ ನನಗೆ ಚೆನ್ನಾಗಿ ನೆನಪುಂಟು ಎಂದರು. ಬಾಗಿಲು ಕೂರಿಸಿ ಮುಗಿದ ಮೇಲೆ ಸುಂದರ ಆಚಾರಿ ಊಟಕ್ಕೂ ಏಳದೆ ಎದುರು ನಿಂತು ಬಹಳ ಹೊತ್ತು ನೋಡಿದನಂತೆ. ಆಮೇಲೆ ಉಳಿ ತೆಗೆದು ತನ್ನ ಹೂವನ್ನೇ ಕಡಿಯಲು ಶುರು ಮಾಡಿದ. ಶರೀಫಾರ ಮಾವ ಓಡಿಬಂದು, ಮುಗಿದ ಕೆಲಸ ಹಾಳು ಮಾಡುತ್ತೀಯಾ, ಹುಚ್ಚು ಹಿಡಿಯಿತಾ ಎಂದು ಬೊಬ್ಬೆ ಹಾಕಿದ್ದರು.

"ನಿಮ್ಮ ಅಪ್ಪ ಎಂತ ಹೇಳಿದರು ಗೊತ್ತುಂಟಾ ಆಚಾರ್ರೇ?" ಎಂದರು ಶರೀಫಾ. "ಮಗನ ಹೂ ನನ್ನದಕ್ಕಿಂತ ಚಂದ ಬಂದಿದೆ ಬ್ಯಾರಿಗಳೇ, ನನ್ನದನ್ನು ಅದಕ್ಕೆ ಸರಿ ಮಾಡುತ್ತಿದ್ದೇನೆ ಅಂತ ಹೇಳಿದರು."

ಐವತ್ತೆರಡು ವರ್ಷದ ಮಾತು ಅಷ್ಟು ತಡವಾಗಿ ಕಿವಿಗೆ ಬಿದ್ದಾಗ ಮುದುಕ ಅತ್ತ. ಅಳುತ್ತಲೇ ನಕ್ಕ. ಎಂಥ ಹಟಮಾರಿ ಅಪ್ಪ, ಮಾರಾಯ! ಇಷ್ಟನ್ನು ಮನೆಗೆ ಬಂದು ಬಾಯಿಬಿಟ್ಟು ಹೇಳಲಿಕ್ಕೆ ಅವನಿಗೆ ಎಂತ ರೋಗ? ಹೇಳಲಿಲ್ಲ, ಬಾಗಿಲಿನಲ್ಲಿ ಬರೆದಿಟ್ಟು, ನೀನೇ ಹೋಗಿ ಓದಿಕೋ ಎಂದು ಬಿಟ್ಟ. ಓದಬೇಕಾದವನು ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ತಪ್ಪು ಯಾರದ್ದು? ಇಬ್ಬರದ್ದೂ. ಅಪ್ಪ ಮಗ ಇಬ್ಬರೂ ಒಂದೇ ಮರದ ಹಲಗೆಗಳು. ಆಚಾರಿ ಮನೋರಮಾಳಿಗೆ ಅಲ್ಲಿಂದಲೇ ಫೋನ್ ಮಾಡಿದ. ಅವನ ಗಂಟಲು ಕೇಳಿ ಅವಳು ಹೆದರಿ, ಕಣ್ಣಿಗೆ ಏನಾದರೂ ಆಯಿತಾ ಎಂದು ಕೇಳಿದಳು. ಕಣ್ಣು ಸರಿಯಾಯಿತು ಎಂದ.

ಹಿಂದೆ ಹೋಗುವಾಗ ಹರ್ಷಿಣಿ, ಹಾಗಾದರೆ ಚಿತ್ರದಲ್ಲಿ ಎಂತ ಬದಲಾಯಿಸುವುದು ಎಂದು ಕೇಳಿದಳು. ಕನ್ನಡಿ ಮಾಡಿದ್ದು ಸರಿಯೇ ಆಗಿತ್ತಲ್ಲ. ಆಚಾರಿ ಯೋಚಿಸಿ ಹೇಳಿದ: ಪಟ್ಟಿ ಒಂದೇ ಕಡೆ ಇರಲಿ, ನಡುವೆ ಒಂದು ನೂಲು ಸಂದು ಬಿಡು, ಮತ್ತೆ ಎಡಬಾಗಿಲಿನಲ್ಲಿ ಮೂರನೆಯ ಹೂವಿನ ಎಂಟನೆಯ ಎಸಳನ್ನು ಪೂರ್ತಿ ಮಾಡು, ನಡುಗೆರೆ ಸಮೇತ. ಅವಳು ಒಂದು ಕ್ಷಣ ನೋಡಿ, ಆಮೇಲೆ ಅರ್ಥವಾಗಿ ನಕ್ಕು ತಲೆಯಾಡಿಸಿದಳು. ನಿಯಾಝರಿಗೆ ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು. ಎಸಳು ಪೂರ್ತಿ ಮಾಡುವುದೇನೂ ಕಷ್ಟದ ಕೆಲಸವಲ್ಲ. ಪಕ್ಕದ ಎಸಳಿನ ನಕಲು ತೆಗೆದು, ಹೂವಿನ ನಡುವನ್ನು ಹಿಡಿದು ಸುತ್ತಿನ ಎಂಟನೆಯ ಒಂದು ಪಾಲು ತಿರುಗಿಸಿ ಸುರುಳಿಯ ಜಾಗದಲ್ಲಿ ಕೂರಿಸಿದರೆ ಆಯಿತು.

ಪಡುಬಿದ್ರಿಯ ಶೆಡ್ಡಿನಲ್ಲಿ ಮಿಷಿನು ನೋಡಲು ಆಚಾರಿ ಎರಡು ದಿನವೂ ಹೋದ. ಹಲಗೆಯನ್ನು ಮಲಗಿಸಿ ಬಿಗಿದರು. ಮೊದಲು ದಪ್ಪ ಬಿಟ್ಟು, ಎಂದರೆ ಕೊರೆಯುವ ಅಲಗು, ತಿರುಗುತ್ತ ಮೆಟ್ಟಿಲು ಮೆಟ್ಟಿಲಾಗಿ ಬೇಡದ ಮರವನ್ನೆಲ್ಲ ತೆಗೆಯಿತು. ಆಮೇಲೆ ತುದಿ ಉರುಟಾದ ಸಪೂರ ಬಿಟ್ಟು ಹಾಕಿದರು. ಅದು ಕೂದಲಿನಷ್ಟು ಜರುಗಿ ಜರುಗಿ, ಆಚೆ ಈಚೆ ಉಳುವ ಹಾಗೆ ಓಡಿತು, ಒಂದು ಬಾಗಿಲಿಗೆ ಏಳು ಗಂಟೆ. ಇದು ಬೀಡಿ ಸೇದಲೂ ನಿಲ್ಲುವುದಿಲ್ಲವಲ್ಲ ಎಂದು ಆಚಾರಿ ಮೆಚ್ಚಿದ. ಮೆಚ್ಚಿದ ಬೆನ್ನಿಗೇ ಕೊರತೆಯನ್ನೂ ಹೇಳಿದ. ಬಿಟ್ಟಿನ ತುದಿ ಉರುಟು, ಹಾಗಾಗಿ ಎಸಳಿನ ಸಂದುಮೂಲೆಗಳೆಲ್ಲ ಉರುಟಾಗಿಯೇ ಉಳಿದಿದ್ದವು. ಅದು ಮೇಲಿನಿಂದ ಮಾತ್ರ ಇಳಿಯುತ್ತದೆ, ಓರೆಯಾಗಿ ನುಗ್ಗಿ ಎಸಳಿನ ಅಡಿ ಕೊರೆಯಲು ಬರುವುದಿಲ್ಲ. ಅಷ್ಟನ್ನೂ ಆಚಾರಿ ಹತ್ತು ದಿನ ಕೂತು ಕೈಯಲ್ಲೇ ತೀಡಿದ. ನೆರಳು ಬಿದ್ದು ಹೂಗಳು ಮರದಿಂದ ಎದ್ದು ನಿಂತವು.

ಇನ್ನಂಜೆಯಲ್ಲಿ ಬಾಗಿಲು ಕೂರಿಸಿದ ದಿನ ಮನೋರಮಾ ಸಹ ಬಂದಿದ್ದಳು. ಶರೀಫಾ ಪತ್ತಿರ್ ಎಂಬ ಅಕ್ಕಿರೊಟ್ಟಿ ಮತ್ತು ಕೋಳಿಸಾರು ಮಾಡಿಸಿದ್ದರು. ಬಾಗಿಲು ಮುಚ್ಚಿದರು, ಪಟ್ಟಿ ಹೋಗಿ ಸಂದಿನ ಮೇಲೆ ಮೆಲ್ಲಗೆ ಕೂತಿತು. ನಿಯಾಝ್ ದೂರ ನಿಂತು ನೋಡಿ, ಟ್ಯಾಬ್ಲೆಟಿನಲ್ಲಿ ಕಂಡದ್ದಕ್ಕಿಂತಲೂ ಚಂದ ಬಂತು, ಆದರೆ ಎಡಬದಿಯಲ್ಲಿ ಸುರುಳಿ ಬಿಟ್ಟುಹೋಗಿದೆಯಲ್ಲ ಎಂದರು. ಎಲೆ ಹಾಕಿದ್ದಾರೆ, ಊಟಕ್ಕೆ ಏಳಿ ಎಂದು ಮನೋರಮಾ ಗಂಡನನ್ನು ಕರೆದಳು. ಆಚಾರಿ ಏಳಲಿಲ್ಲ. ಚೀಲದಿಂದ ಅಪ್ಪನ ದುಂಡು ಬಾಯಿಯ ಉಳಿ ತೆಗೆದ, ಎಡಬಾಗಿಲಿನ ಮೂರನೆಯ ಹೂವಿನ ಎದುರು ಜರುಗಿ ಕೂತ, ಮುಗಿದು ಹೊಳೆಯುತ್ತಿದ್ದ ಎಸಳಿನ ತುದಿಗೆ ಉಳಿಯಿಟ್ಟು ಕೊಡತಿಯಿಂದ ಒಂದು ಪೆಟ್ಟು ಹಾಕಿದ. ತುದಿ ಹಾರಿ ನಿಯಾಝರ ಕಾಲ ಬಳಿ ಬಿತ್ತು.

ನಿಯಾಝ್ ಅಯ್ಯೋ ಎಂದು ಮುಂದೆ ಬಂದರು. ಶರೀಫಾ ಮಗನ ತೋಳು ಹಿಡಿದು ನಿಲ್ಲಿಸಿದರು.

"ನಿನ್ನ ಅಜ್ಜ ಮಾಡಿದ ಹಾಗೆ ಬೊಬ್ಬೆ ಹಾಕಬೇಡ" ಎಂದರು. "ಸುಮ್ಮನೆ ನೋಡು."

ಆಚಾರಿ ಅವಸರ ಮಾಡಲಿಲ್ಲ. ಈ ಸಲ ಉಳಿ ನಾರಿನ ಜೊತೆಗೇ ಹೋಯಿತು. ಮರ ಸಣ್ಣ ಸಣ್ಣ ಸಿಪ್ಪೆಯಾಗಿ ಸುತ್ತಿಕೊಂಡು ಬಂತು, ಎಸಳು ಮೆಲ್ಲಗೆ ಒಳಕ್ಕೆ ಬಾಗಿತು, ನಡುಗೆರೆ ಸುರುಳಿಯ ಅಂಚಿಗೆ ಬಂದು ನಿಂತಿತು. ಅವನು ಬಾಯಿಯಿಂದ ಊದಿ ಪುಡಿ ಹಾರಿಸಿದ. ಒಂದು ಕೈ ಎಡದ ಸುರುಳಿಯ ಮೇಲೆ, ಇನ್ನೊಂದು ಬಲದ ಸುರುಳಿಯ ಮೇಲೆ ಇಟ್ಟು ಎರಡನ್ನೂ ಒಟ್ಟಿಗೆ ಮುಟ್ಟಿ ನೋಡಿದ. ಸರಿ ಉಂಟು ಎಂದ, ಎದ್ದು ಕೈ ತೊಳೆದು ಊಟಕ್ಕೆ ಹೋದ.